ಅಪ್‌ಡೇಟ್: ಸೋಮವಾರದ ಪಟ್ಟಿ ಈಗ ಉಪಯೋಗಕ್ಕೆ ಬರ್ತಿದೆ

ನಾನು ಕೇಳಿದ್ದು: "ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೋಗಬಹುದಾದ ಗಿರಾಕಿಗಳ ಪಟ್ಟಿಯನ್ನು ಪ್ರತಿ ಸೋಮವಾರ ಅಕೌಂಟ್ ಮ್ಯಾನೇಜರ್‌ಗಳಿಗೆ ಕೊಡುತ್ತೇನೆ. ಅರ್ಧ ಹೆಸರು ಸುಳ್ಳು. ಏನು ಮಾಡಲಿ?"

ನೀವು ಹೇಳಿದ್ದು ಸರಿ. ಎಲ್ಲರಿಗೂ ಒಂದೇ ಮಿತಿ ಇಟ್ಟಿದ್ದೇ ತಪ್ಪು. ಬದಿಯಡ್ಕದ ಒಬ್ಬ ಅಡಿಕೆ ವ್ಯಾಪಾರಿ ಮೊದಲಿಂದಲೂ ವಾರಕ್ಕೆ 12 ಬಿಲ್ ಮಾಡುವವರು. ನನ್ನ ಮಿತಿ 20. ಪಾಪ, ಪ್ರತಿ ಸೋಮವಾರ ಅವರಿಗೆ ಫೋನ್! ಈಗ ಪ್ರತಿಯೊಬ್ಬರ ಕಳೆದ 2 ವಾರದ ಸರಾಸರಿಯನ್ನು ಅವರದ್ದೇ ಹಿಂದಿನ 8 ವಾರದ ಮೀಡಿಯನ್ ಜೊತೆ ಹೋಲಿಸುತ್ತೇನೆ. ಅರ್ಧಕ್ಕಿಂತ ಕೆಳಗಿಳಿದರೆ ಮಾತ್ರ ಹೆಸರು ಬರುತ್ತದೆ. ಓಣಂ ವಾರ ಲೆಕ್ಕಕ್ಕಿಲ್ಲ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕುಂಬಳೆಯ ಒಂದು ಹಾರ್ಡ್‌ವೇರ್ ಅಂಗಡಿ ಪಟ್ಟಿಗೆ ಬಾರದೆಯೇ ಬಿಟ್ಟು ಹೋಯಿತು. ಲಾಗ್ ತೆಗೆದು ನೋಡಿದರೆ, ಎಲ್ಲ ಎಂಟ್ರಿಯೂ ರಾತ್ರಿ 2 ಗಂಟೆಯದ್ದು. ಆಟೋ ಬ್ಯಾಕಪ್‌ನ ರಸೀದಿಯನ್ನೂ ನಾನು ಬಿಲ್ ಅಂತ ಎಣಿಸಿದ್ದೆ! ಒಂದು ಸಾಲು ಸೇರಿಸಿದೆ:

```sql
AND actor_type = 'user'
```

ಪ್ರತಿ ಹೆಸರಿನ ಪಕ್ಕ "ವಾರಕ್ಕೆ 40 ಇದ್ದದ್ದು 15" ಅಂತ ಕಾರಣವನ್ನೂ ಬರೆಯುತ್ತೇನೆ. ಈ ವಾರ 7 ಹೆಸರು. ಒಂದು ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗ ಕೆಲಸ ಬಿಟ್ಟಿದ್ದನಂತೆ, ಹೊಸಬನಿಗೆ ಪಾಸ್‌ವರ್ಡೇ ಗೊತ್ತಿರಲಿಲ್ಲ.