ಸ್ಟಾಕ್ ಇಲ್ಲದ ವಾರದ ಮಾರಾಟವನ್ನು ಫೋರ್‌ಕಾಸ್ಟ್‌ಗೆ ಸೇರಿಸಬೇಕೆ?

ಪ್ರಶ್ನೆ (ಈಗಷ್ಟೇ ಡಿಗ್ರಿ ಮುಗಿಸಿದವರು): ಡಿಮ್ಯಾಂಡ್ ಪ್ಲಾನಿಂಗ್ ಟ್ರೈನಿ ಹುದ್ದೆಯ ಸಂದರ್ಶನದಲ್ಲಿ ಎಕ್ಸೆಲ್ ಪರೀಕ್ಷೆ ಇದೆಯಂತೆ. ಮಾದರಿ ಹಾಳೆಯಲ್ಲಿ ಒಂದು ಐಟಂನ 10 ವಾರಗಳ ಮಾರಾಟ ಕೊಟ್ಟಿದ್ದಾರೆ: 100, 104, 96, 102, 40, 0, 98, 190, 70, 100. ಪಕ್ಕದಲ್ಲಿ ಬರೆದಿರುವುದು: 5ನೇ ವಾರದ ನಡುವೆ ಸ್ಟಾಕ್ ಖಾಲಿ, 6ನೇ ವಾರ ಪೂರ್ತಿ ಖಾಲಿ, 8ನೇ ವಾರ ರಿಯಾಯಿತಿ ಮಾರಾಟ, ಲೀಡ್ ಟೈಮ್, ಅಂದರೆ ಆರ್ಡರ್ ಹಾಕಿ ಮಾಲು ಬರುವವರೆಗಿನ ಸಮಯ, 4 ವಾರ. ಫೋರ್‌ಕಾಸ್ಟ್ ಎಷ್ಟು, ಸ್ಟಾಕ್ ಎಷ್ಟಕ್ಕೆ ಇಳಿದಾಗ ಆರ್ಡರ್ ಹಾಕಬೇಕು ಎಂದು ಕೇಳಿದ್ದಾರೆ. ಸರಾಸರಿ ತೆಗೆದರೆ 90 ಬರುತ್ತದೆ. ಇಷ್ಟೇ ಸಾಕಾ?

ಡಿಮ್ಯಾಂಡ್ ಪ್ಲಾನರ್: ಸಾಲದು. ಆ ಟಿಪ್ಪಣಿಗಳನ್ನು ನೀವು ಓದುತ್ತೀರಾ ಎಂದು ನೋಡುವುದಕ್ಕೇ ಈ ಹಾಳೆ ಕೊಟ್ಟಿರುತ್ತಾರೆ. ಸರಾಸರಿ ತೆಗೆಯಲು ಎಲ್ಲರಿಗೂ ಬರುತ್ತದೆ.

6ನೇ ವಾರ ಮಾರಾಟ 0 ಅಂದರೆ ಬೇಡಿಕೆ 0 ಎಂದಲ್ಲ, ಕೊಡಲು ಮಾಲಿರಲಿಲ್ಲ ಎಂದಷ್ಟೇ. 5ನೇ ವಾರದ 40 ಕೂಡ ಅರ್ಧ ವಾರದ ಲೆಕ್ಕ. ಇವನ್ನು ಹಾಗೇ ಸರಾಸರಿಗೆ ಸೇರಿಸಿದರೆ ಫೋರ್‌ಕಾಸ್ಟ್ ಇಳಿಯುತ್ತದೆ, ಆರ್ಡರ್ ಕಡಿಮೆಯಾಗುತ್ತದೆ, ಮತ್ತೆ ಸ್ಟಾಕ್ ಮುಗಿಯುತ್ತದೆ, ಮುಂದಿನ ಸರಾಸರಿ ಇನ್ನೂ ಇಳಿಯುತ್ತದೆ. ಚೆನ್ನಾಗಿ ಓಡುವ ಐಟಂ ಒಂದು ಕಾಗದದ ಮೇಲೆ ನಿಧಾನವಾಗಿ ಸಾಯುವುದು ಹೀಗೆಯೇ.

ಆ ಎರಡು ವಾರಕ್ಕೆ 100 ತುಂಬಬಹುದೇ ಎಂದು ತಿಳಿಯಲು 7ನೇ ವಾರ ನೋಡಿ. ಮಾಲು ಬಂದ ಮೇಲೆ ಮಾರಾಟ 98, ಎಂದಿನಷ್ಟೇ. ಕಾಯುತ್ತಿದ್ದ ಗ್ರಾಹಕರು ಆ ವಾರ ಬಂದು ಕೊಂಡಿದ್ದರೆ ಅದು 200 ದಾಟುತ್ತಿತ್ತು. ಹಾಗಾಗಿಲ್ಲ, ಅಂದರೆ ಆ ಮಾರಾಟ ಕೈತಪ್ಪಿಯೇ ಹೋಗಿದೆ. ಆದ್ದರಿಂದ ತುಂಬುವುದು ಸರಿ. 7ನೇ ವಾರ 200 ದಾಟಿದ್ದರೆ ಅದೇ ಬೇಡಿಕೆಯನ್ನು ಎರಡು ಸಲ ಎಣಿಸಿದಂತಾಗುತ್ತಿತ್ತು.

8ನೇ ವಾರದ 190ರಲ್ಲಿ 90 ರಿಯಾಯಿತಿಯಿಂದ ಬಂದದ್ದು. 9ನೇ ವಾರ 70ಕ್ಕೆ ಇಳಿದಿದೆ, ಏಕೆಂದರೆ ಕೆಲವರು ಮುಂದಿನ ವಾರದ್ದನ್ನೂ ಅಗ್ಗವಾಗಿದ್ದಾಗಲೇ ಕೊಂಡಿದ್ದಾರೆ. ಎರಡನ್ನೂ 100ಕ್ಕೆ ತನ್ನಿ. ರಿಯಾಯಿತಿಯ ನಿಜವಾದ ಲಾಭ 90 ಅಲ್ಲ, 60. ಇದನ್ನು ಬೇರೆ ಕಾಲಂನಲ್ಲಿ ಬರೆದಿಡಿ, ಮುಂದಿನ ರಿಯಾಯಿತಿಗೆ ಬೇಕಾಗುತ್ತದೆ. ಈಗ ಮೊತ್ತ 1000, ವಾರಕ್ಕೆ 100. ಹಳೆಯ ಅಂಕಿಗಳನ್ನು ಅಳಿಸಬೇಡಿ. ಮೂಲ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ತಿದ್ದಿದ ಕಾಲಂ, ಅದರ ಪಕ್ಕದಲ್ಲಿ ಒಂದು ಸಾಲಿನ ಕಾರಣ. ಪರೀಕ್ಷಿಸುವವರು ಮೊದಲು ಹುಡುಕುವುದು ಆ ಕಾರಣದ ಕಾಲಂ ಅನ್ನೇ.

ಎಂಬಿಎ ವಿದ್ಯಾರ್ಥಿ: ಸೇಫ್ಟಿ ಸ್ಟಾಕ್, ಅಂದರೆ ಏರುಪೇರಿಗೆಂದು ಇಡುವ ಹೆಚ್ಚುವರಿ ಮಾಲು, ಬಿಟ್ಟುಹೋಯಿತು ಸರ್. 95% ಸರ್ವಿಸ್ ಲೆವೆಲ್‌ಗೆ 1.65, ಅದಕ್ಕೆ ಮಾರಾಟದ ಸ್ಟ್ಯಾಂಡರ್ಡ್ ಡೀವಿಯೇಷನ್, ಅದಕ್ಕೆ ಲೀಡ್ ಟೈಮ್‌ನ ವರ್ಗಮೂಲ. ಕೊಟ್ಟ 10 ಅಂಕಿಗಳಿಗೆ ಡೀವಿಯೇಷನ್ ಸುಮಾರು 49. ಹಾಗಾಗಿ 1.65 × 49 × 2, ಅಂದರೆ 162. ನಾಲ್ಕು ವಾರದ 400 ಸೇರಿಸಿದರೆ ಸ್ಟಾಕ್ 562ಕ್ಕೆ ಇಳಿದಾಗ ಆರ್ಡರ್.

ಡಿಮ್ಯಾಂಡ್ ಪ್ಲಾನರ್: ಸೂತ್ರ ಸರಿ, ಒಳಗೆ ಹಾಕಿದ 49 ಸರಿಯಿಲ್ಲ. ಆ 49ರಲ್ಲಿ ಬಹುಪಾಲು ಬಂದಿರುವುದು ನಮ್ಮದೇ ಸ್ಟಾಕ್ ಕೊರತೆ ಮತ್ತು ನಾವೇ ಇಟ್ಟ ರಿಯಾಯಿತಿಯಿಂದ. ಗ್ರಾಹಕರ ಬೇಡಿಕೆ ಅಷ್ಟು ಕುಣಿದಿಲ್ಲ. ಹಾಗೆಂದು ತಿದ್ದಿದ ಕಾಲಂಗೆ `STDEV.S` ಹಾಕುವುದೂ ತಪ್ಪು. ನಾಲ್ಕು ಕಡೆ ನಾವೇ 100 ತುಂಬಿದ್ದೇವೆ, ಏರಿಳಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕೈಯಾಡಿಸದ ಆರು ವಾರಗಳನ್ನು ಮಾತ್ರ ತೆಗೆದುಕೊಳ್ಳಿ: 100, 104, 96, 102, 98, 100. ಡೀವಿಯೇಷನ್ ಸುಮಾರು 2.8, ಸೇಫ್ಟಿ ಸ್ಟಾಕ್ ಸುಮಾರು 9. ಕೆಲಸಕ್ಕೆ ಸೇರಿದ ಮೇಲೆ ಮಾರಾಟದ ಏರಿಳಿತದ ಬದಲು ನಿಮ್ಮ ಫೋರ್‌ಕಾಸ್ಟ್ ಎಷ್ಟು ತಪ್ಪಿತು ಎಂಬುದರ ಡೀವಿಯೇಷನ್ ಬಳಸುತ್ತೀರಿ. ಈ ಹಾಳೆಯಲ್ಲಿ ಅದು ಇಲ್ಲ.

ಪ್ರೊಕ್ಯೂರ್‌ಮೆಂಟ್‌ನಲ್ಲಿರುವವರು: 9 ಇಟ್ಟುಕೊಂಡು ಕೂತರೆ ಮತ್ತೆ ಖಾಲಿಯಾಗುತ್ತದೆ. ಮೊದಲ ನಾಲ್ಕು ವಾರ ನೋಡಿ, ಬೇಡಿಕೆ ಏರಿಯೇ ಇಲ್ಲ. ಆದರೂ 5ನೇ ವಾರ ಸ್ಟಾಕ್ ಮುಗಿದಿದೆ. ಹಾಗಾದರೆ ತಪ್ಪಿದ್ದು ಬೇಡಿಕೆಯ ಅಂದಾಜಲ್ಲ. ಆರ್ಡರ್ ತಡವಾಗಿ ಹೋಗಿರಬೇಕು, ಇಲ್ಲವೇ ಸಪ್ಲೈಯರ್ ತಡ ಮಾಡಿರಬೇಕು. "4 ವಾರ" ಎನ್ನುವುದು ಸಪ್ಲೈಯರ್ ಹೇಳಿದ ಮಾತೋ, ಪಿಒ ಎಂಬ ಖರೀದಿ ಆದೇಶ ಬಿಡುಗಡೆಯಾದ ದಿನದಿಂದ ಜಿಆರ್‌ಎನ್, ಅಂದರೆ ಮಾಲು ಬಂದ ದಾಖಲೆ, ಆದ ದಿನದವರೆಗೆ ಎಣಿಸಿದ್ದೋ ಎಂದು ಸಂದರ್ಶನದಲ್ಲಿ ಕೇಳಿಬಿಡಿ. ಒಳಗಿನ ಮಂಜೂರಾತಿಗೆ ಹಿಡಿಯುವ ದಿನಗಳನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಲೀಡ್ ಟೈಮ್‌ನ ಡೀವಿಯೇಷನ್ ಅರ್ಧ ವಾರ ಎಂದಿಟ್ಟುಕೊಳ್ಳಿ. ಆಗ ಲೆಕ್ಕ ಹೀಗೆ:

```
=1.65*SQRT(4*2.8^2+100^2*0.5^2)
```

ಉತ್ತರ ಸುಮಾರು 83. ಆರ್ಡರ್ ಹಾಕುವ ಮಟ್ಟ 483. ಈ 83ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಪ್ಲೈಯರ್ ತಡದ ಬೆಲೆ, ಬೇಡಿಕೆಯ ಪಾಲು ನಗಣ್ಯ. ಇನ್ನೊಂದು: 483ಕ್ಕೆ ಹೋಲಿಸಬೇಕಾದ್ದು ಕೈಯಲ್ಲಿರುವ ಸ್ಟಾಕ್ ಮಾತ್ರವಲ್ಲ, ದಾರಿಯಲ್ಲಿರುವ ಆರ್ಡರ್ ಸೇರಿಸಿದ ಮೊತ್ತ. ಅದನ್ನು ಮರೆತರೆ ದಿನಾ ಹೊಸ ಆರ್ಡರ್ ಹೋಗುತ್ತಿರುತ್ತದೆ.

ಡಿಮ್ಯಾಂಡ್ ಪ್ಲಾನರ್: ಒಪ್ಪಿದೆ. ನಾನು ಬೇಡಿಕೆಯ ಕಡೆಯಿಂದಷ್ಟೇ ಉತ್ತರಿಸಿದ್ದೆ. ಪರೀಕ್ಷೆಯಲ್ಲಿ ಅರ್ಧ ವಾರ ಎನ್ನುವುದು ನಿಮ್ಮ ಊಹೆ ಎಂದು ಹಾಳೆಯಲ್ಲೇ ಬರೆಯಿರಿ.

ಇನ್ನೊಬ್ಬ ಅಭ್ಯರ್ಥಿ: ನನಗೆ ವೇರ್‌ಹೌಸ್ ಇನ್ವೆಂಟರಿ ಎಕ್ಸಿಕ್ಯುಟಿವ್ ಆಫರ್ ಬಂದಿದೆ. ಮುಂದೆ ಪ್ಲಾನಿಂಗ್‌ಗೆ ಹೋಗಬೇಕೆಂದಿದ್ದೇನೆ. ಇದನ್ನು ಬಿಟ್ಟು ಮೊದಲು ಸರ್ಟಿಫಿಕೇಟ್ ಮಾಡಲೇ?

ವೇರ್‌ಹೌಸ್ ಮ್ಯಾನೇಜರ್: ಬಿಡಬೇಡಿ. ಮೇಲಿನ ಲೆಕ್ಕವೆಲ್ಲ ನಿಂತಿರುವುದು ಸಿಸ್ಟಂನಲ್ಲಿರುವ ಸ್ಟಾಕ್ ನಿಜ ಎಂಬ ನಂಬಿಕೆಯ ಮೇಲೆ. ಸಿಸ್ಟಂ 60 ತೋರಿಸುತ್ತದೆ, ರ‍್ಯಾಕ್‌ನಲ್ಲಿ ಒಂದೂ ಇಲ್ಲ. ಒಡೆದ ಮಾಲನ್ನು ಬೇರೆ ಇಟ್ಟು ಎಂಟ್ರಿ ಮಾಡದಿರುವುದು, ಬಾಕ್ಸ್ ಲೆಕ್ಕದಲ್ಲಿ ಬಂದದ್ದನ್ನು ಬಿಡಿ ಲೆಕ್ಕದಲ್ಲಿ ಹತ್ತಿಸುವುದು, ಬಂದ ಮಾಲನ್ನು ಜಾಗಕ್ಕೆ ಸೇರಿಸುವ ಪುಟ್‌ಅವೇ ತಪ್ಪು ಬಿನ್‌ಗೆ ಹೋಗುವುದು, ಇವೇ ಸಾಮಾನ್ಯ ಕಾರಣಗಳು. ಸಿಸ್ಟಂನಲ್ಲಿ ಸ್ಟಾಕ್ ಇದ್ದು, ಎಂದೂ ನಿಲ್ಲದ ಐಟಂ ಒಂದು ವಾರ ಪೂರ್ತಿ ಮಾರಾಟವಾಗದಿದ್ದರೆ ಅವತ್ತೇ ಆ ಬಿನ್ ಎಣಿಸಿ. ಸೈಕಲ್ ಕೌಂಟ್, ಅಂದರೆ ಆಗಾಗ ಕೆಲವು ಐಟಂಗಳನ್ನಷ್ಟೇ ಎಣಿಸುವಾಗ, ಸಿಗುವ ವ್ಯತ್ಯಾಸಕ್ಕೆ ಕಾರಣ ಹುಡುಕಲು ಕಲಿತವರು ಪ್ಲಾನಿಂಗ್‌ಗೆ ಹೋದಾಗ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಎಎಸ್‌ಸಿಎಂ ಎಂಬ ಸಪ್ಲೈ ಚೈನ್ ಸಂಸ್ಥೆಯ ಸಿಪಿಐಎಂ ಪ್ಲಾನಿಂಗ್‌ಗೆ ಹತ್ತಿರ. ಕೆಲಸ ಮಾಡುತ್ತಲೇ ಓದಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. 9ನೇ ವಾರ 70 ಆಗಿದ್ದು ರಿಯಾಯಿತಿಯಿಂದಲೇ ಎಂದು ಹೇಗೆ ಗೊತ್ತು? 8ನೇ ವಾರ 190 ಹೋಗಿ ಸ್ಟಾಕ್ ಮತ್ತೆ ಮುಗಿದಿರಬಹುದಲ್ಲವೇ?

ಡಿಮ್ಯಾಂಡ್ ಪ್ಲಾನರ್: ಆಗಿರಬಹುದು. ಟಿಪ್ಪಣಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ನಾನು ರಿಯಾಯಿತಿ ಎಂದುಕೊಂಡೆ. ಹಾಗೆ ಮುಗಿದಿದ್ದರೂ ಮೂಲ ಬೇಡಿಕೆ 100 ಬದಲಾಗುವುದಿಲ್ಲ, ಆದರೆ ರಿಯಾಯಿತಿಯ ಲಾಭ 60ರಿಂದ 90ಕ್ಕೆ ಏರುತ್ತದೆ. ಪ್ರತಿದಿನದ ಕ್ಲೋಸಿಂಗ್ ಸ್ಟಾಕ್ ಕೊಡಿ ಎಂದು ಕೇಳಿ.

ಪ್ರೊಕ್ಯೂರ್‌ಮೆಂಟ್‌ನಲ್ಲಿರುವವರು: ಒಂದೇ ರಿಯಾಯಿತಿ ನೋಡಿ 60 ಎಂದು ಬರೆಯುವುದಕ್ಕೂ ನನ್ನ ಒಪ್ಪಿಗೆ ಇಲ್ಲ. 10ನೇ ವಾರ 100ಕ್ಕೆ ಮರಳಿದ್ದು ಕಾಕತಾಳೀಯವೂ ಆಗಿರಬಹುದು. 11 ಮತ್ತು 12ನೇ ವಾರ ನೋಡದೆ ನಾನಾಗಿದ್ದರೆ ಆ ಅಂಕಿಯ ಮೇಲೆ ಪಿಒ ಹಾಕುತ್ತಿರಲಿಲ್ಲ.