ಹೊಸ ಲೇತ್‌ಗೆ ವರ್ಷಕ್ಕೆ ಎಷ್ಟು ಎತ್ತಿಡಬೇಕು

"ಅಣ್ಣಾ, ನಮ್ಮ ಲೇತ್ ಇನ್ನು 8 ವರ್ಷ ಓಡುತ್ತೆ ಅಂತ ಮೆಕ್ಯಾನಿಕ್ ಹೇಳ್ತಾರೆ. ಕೊಂಡಿದ್ದು 7 ಲಕ್ಷಕ್ಕೆ. ಸವಕಳಿ ಅಂತೂ ಪ್ರತಿ ವರ್ಷ ಲೆಕ್ಕಕ್ಕೆ ಬರೀತಾನೇ ಇದ್ದೇವೆ. ಹೊಸದಕ್ಕೆ ಅಂತ ಬೇರೆ ದುಡ್ಡು ಎತ್ತಿಡಬೇಕಾ? ಇಡೋದಾದರೆ ವರ್ಷವರ್ಷ ಒಂದೇ ಸಮ ಎಷ್ಟು?"

ಎತ್ತಿಡಲೇಬೇಕು ಕಣಮ್ಮ. ಟೈಪ್ ಮಾಡೋದಕ್ಕೆ ಉದ್ದ ಆಗುತ್ತೆ, ಆದರೂ ಪೂರ್ತಿ ಬರೆಯುತ್ತೇನೆ. ನಿಧಾನಕ್ಕೆ ಓದು.

ಮೊದಲು ಸವಕಳಿ ವಿಷಯ. ಪುಸ್ತಕದಲ್ಲಿ ಸವಕಳಿ ಬರೆದಾಗ ಲಾಭ ಕಡಿಮೆ ಕಾಣಿಸುತ್ತೆ, ಅಷ್ಟೇ. ಬ್ಯಾಂಕಿನಿಂದ ಒಂದು ರೂಪಾಯಿಯೂ ಆಚೆ ಹೋಗುವುದಿಲ್ಲ, ಎಲ್ಲೂ ಕೂಡುವುದೂ ಇಲ್ಲ. ಆ ದುಡ್ಡು ವ್ಯಾಪಾರದಲ್ಲೇ ಉಳಿಯುತ್ತೆ ನಿಜ. ಆದರೆ ಯಾವ ರೂಪದಲ್ಲಿ? ಒಂದಷ್ಟು ಕಬ್ಬಿಣದ ದಾಸ್ತಾನು, ಒಂದಷ್ಟು ಗಿರಾಕಿಗಳ ಹತ್ತಿರ ಬಾಕಿ. ಮಷೀನ್ ನಿಂತ ದಿನ ಪುಸ್ತಕದಲ್ಲಿ 7 ಲಕ್ಷ ಸವಕಳಿ ಇರುತ್ತೆ, ಅಕೌಂಟ್‌ನಲ್ಲಿ ಮಾತ್ರ ಏನೂ ಇರುವುದಿಲ್ಲ. ಸಿಂಕಿಂಗ್ ಫಂಡ್ ಅಂದರೆ ನಿಜವಾದ ದುಡ್ಡನ್ನು ಬೇರೆ ಕಡೆ ಹಾಕಿ, ಬಂದ ಬಡ್ಡಿಯನ್ನೂ ಮುಟ್ಟದೆ ಬೆಳೆಯಲು ಬಿಡುವುದು.

ಈಗ ಎಷ್ಟು ಅನ್ನೋದು. ನೀನು ಕೊಟ್ಟ 7 ಲಕ್ಷವನ್ನು ಇಲ್ಲಿ ಮರೆತುಬಿಡು. ಅದು ಹಳೆ ಬಿಲ್ಲಿನ ಬೆಲೆ, ನಿನಗೆ ಬೇಕಾಗಿರುವುದು 8 ವರ್ಷದ ನಂತರದ ಬೆಲೆ. ಇವತ್ತು ಅಂಥದ್ದೇ ಹೊಸ ಮಷೀನ್ ಎಷ್ಟಾಗುತ್ತೆ ಅಂತ ಕೊಟೇಷನ್ ತರಿಸು. ಬರೀ ಮಷೀನ್ ಬೆಲೆ ಅಲ್ಲ: ಸಾಗಣೆ, ತೆರಿಗೆ, ಫೌಂಡೇಷನ್, ಕೂರಿಸುವ ಖರ್ಚು ಎಲ್ಲ ಸೇರಿಸಿ. ಲೆಕ್ಕಕ್ಕೆ ಸದ್ಯ ಎಲ್ಲಾ ಸೇರಿ 10 ಲಕ್ಷ ಅಂದುಕೊಳ್ಳೋಣ. ಬೆಲೆ ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ 8 ವರ್ಷಕ್ಕೆ ಅದು 14,77,455 ಆಗುತ್ತೆ. ಹಳೇದನ್ನು ಆಗ ಮಾರಿದರೆ ಒಂದೂವರೆ ಲಕ್ಷ ಬರಬಹುದು ಅಂತಿಟ್ಟುಕೋ. ಅದನ್ನು ಕಳೆದರೆ ಫಂಡ್‌ನಲ್ಲಿ ಇರಬೇಕಾದದ್ದು 13,27,455. ಹಳೆ ಮಷೀನ್ ಬೆಲೆ ಹಾಕುವಾಗ ಸ್ವಲ್ಪ ಕೈ ಬಿಗಿ ಹಿಡಿ. ಆ ಹೊತ್ತಿಗೆ ಯಾರೂ ಕೇಳದೆ ಗುಜರಿ ತೂಕಕ್ಕೆ ಹೋಗುವುದೇ ಜಾಸ್ತಿ.

ಇದನ್ನು ಸುಮ್ನೆ 8ರಿಂದ ಭಾಗಿಸಿದರೆ ವರ್ಷಕ್ಕೆ 1,65,932 ಬರುತ್ತೆ. ಅಷ್ಟು ಬೇಕಾಗಿಲ್ಲ, ಬಡ್ಡಿಯೂ ಕೆಲಸ ಮಾಡುತ್ತೆ ಅಲ್ವಾ. ತೆರಿಗೆ ಕಳೆದು ಕೈಗೆ ನೂರಕ್ಕೆ 6 ಉಳಿಯುತ್ತೆ ಅಂದುಕೋ. ತೆರಿಗೆ ಕಳೆದು ಅಂದದ್ದನ್ನು ಗಮನಿಸು, ಬ್ಯಾಂಕ್ ಹೇಳುವ ದರವನ್ನೇ ಹಾಕಿದರೆ ಕೊನೆಗೆ ಫಂಡ್ ಕಡಿಮೆ ಬೀಳುತ್ತೆ. ಈ ದರದಲ್ಲಿ ಪ್ರತಿ ವರ್ಷದ ಕೊನೆಗೆ 1 ರೂಪಾಯಿ ಹಾಕುತ್ತಾ ಹೋದರೆ 8ನೇ ವರ್ಷದ ಕೊನೆಗೆ ಅದು ಹತ್ತಿರ ಹತ್ತಿರ 9 ರೂಪಾಯಿ 90 ಪೈಸೆ ಆಗಿರುತ್ತೆ. ಹಾಗಾಗಿ 13,27,455ನ್ನು ಅದರಿಂದ ಭಾಗಿಸಬೇಕು. ಕೈಲೆಕ್ಕ ಬೇಡ ಅಂದರೆ ಎಕ್ಸೆಲ್‌ನಲ್ಲಿ ಇದನ್ನು ಹಾಕು:

```
=PMT(6%,8,0,-1327455)
```

1,34,121 ಬರುತ್ತೆ. ವರ್ಷಕ್ಕೆ ನೀನು ಎತ್ತಿಡಬೇಕಾದದ್ದು ಅಷ್ಟು. 8 ವರ್ಷದಲ್ಲಿ ನಿನ್ನ ಕೈಯಿಂದ ಹೋಗುವುದು ಸುಮಾರು 10,73,000, ಉಳಿದ ಎರಡೂವರೆ ಲಕ್ಷ ಬಡ್ಡಿಯದು. ಬ್ರ್ಯಾಕೆಟ್‌ನಲ್ಲಿರುವ ಆ ಮೈನಸ್ ಗುರುತು ಬಿಡಬೇಡ, ಬಿಟ್ಟರೆ ಉತ್ತರ ಮೈನಸ್‌ನಲ್ಲಿ ಬಂದು ಗಾಬರಿ ಆಗುತ್ತೆ.

ಕಂತು ಒಂದೇ ಇದ್ದರೂ ಎಲ್ಲಾ ಕಂತೂ ಒಂದೇ ಥರ ಬೆಳೆಯುವುದಿಲ್ಲ. ಮೊದಲನೆಯದನ್ನು ಮೊದಲ ವರ್ಷದ ಕೊನೆಗೆ ಹಾಕುತ್ತೀಯ, ಅದಕ್ಕೆ 7 ವರ್ಷ ಬಡ್ಡಿ ಸಿಕ್ಕಿ ಅದೊಂದೇ 2 ಲಕ್ಷ ದಾಟುತ್ತೆ. ಕೊನೆ ಕಂತನ್ನು ಹಾಕಿದ ದಿನವೇ ತೆಗೆಯುತ್ತೀಯ, ಅದಕ್ಕೆ ಬಡ್ಡಿಯೇ ಇಲ್ಲ. ಅಂದರೆ ಮೊದಲ ವರ್ಷಗಳ ಕಂತು ತಪ್ಪಿಸಿ ಆಮೇಲೆ ಸೇರಿಸಿ ಹಾಕುತ್ತೇನೆ ಅಂದರೆ ಅಷ್ಟೇ ದುಡ್ಡು ಹಾಕಿದರೆ ಸಾಲುವುದಿಲ್ಲ, ಹೋದ ಬಡ್ಡಿಯನ್ನೂ ತುಂಬಬೇಕು. ವರ್ಷದ ಶುರುವಲ್ಲೇ ಹಾಕುವ ಶಕ್ತಿ ಇದ್ದರೆ ಫಾರ್ಮುಲಾದ ಕೊನೆಗೆ, ಬ್ರ್ಯಾಕೆಟ್ ಮುಚ್ಚುವ ಮುಂಚೆ `,1` ಸೇರಿಸು, ಕಂತು 1,26,529ಕ್ಕೆ ಇಳಿಯುತ್ತೆ.

ಹಳೆ ಬಿಲ್ಲಿನ 7 ಲಕ್ಷವನ್ನೇ ಗುರಿ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಗೊತ್ತಾ? ವರ್ಷಕ್ಕೆ 70,725 ಸಾಕು ಅಂತ ಬರುತ್ತಿತ್ತು. ಎಷ್ಟು ಹಗುರ ಅನ್ನಿಸುತ್ತೆ! 8 ವರ್ಷ ಶಿಸ್ತಾಗಿ ಹಾಕಿ, ಕೊನೆಗೆ ಆರು ಕಾಲು ಲಕ್ಷ ಸಾಲ ಮಾಡಬೇಕಾಗುತ್ತಿತ್ತು.

ಆದರೆ ಈ 5, 6, 8 ಎಲ್ಲಾ ನಮ್ಮ ಊಹೆ. ಆದ್ದರಿಂದ ನಡುವೆ ಒಮ್ಮೆಯಾದರೂ ಮತ್ತೆ ಕೊಟೇಷನ್ ತರಿಸಿ ತಾಳೆ ನೋಡಬೇಕು. 4ನೇ ಕಂತು ಹಾಕಿದ ಮೇಲೆ ನಿನ್ನ ಫಂಡ್‌ನಲ್ಲಿ 5,86,728 ಇರಬೇಕು. ಇದಕ್ಕಿಂತ ಕಡಿಮೆ ಇದ್ದರೆ ಬಡ್ಡಿ ಕಡಿಮೆ ಬಂದಿದೆ, ಇಲ್ಲ ಯಾರೋ ಕೈ ಹಾಕಿದ್ದಾರೆ. ನಮ್ಮ ಲೆಕ್ಕದ ಪ್ರಕಾರ ಆಗ ಮಷೀನ್ ಬೆಲೆ 12,15,500 ಇರಬೇಕು. ಕೊಟೇಷನ್‌ನಲ್ಲಿ 13 ಲಕ್ಷ ಬಂತು ಅನ್ನು. ಅಲ್ಲಿಂದ ಮತ್ತೆ 4 ವರ್ಷ 5ರಂತೆ ಏರಿದರೆ 15,80,000 ಚಿಲ್ಲರೆ, ಒಂದೂವರೆ ಲಕ್ಷ ಕಳೆದರೆ 14,30,000. ಇರುವ ಫಂಡ್ ತಾನಾಗಿ 7,40,700ಕ್ಕೆ ಬೆಳೆಯುತ್ತೆ. ಉಳಿದ ಸುಮಾರು 6,89,400ನ್ನು 4 ಕಂತಿನಲ್ಲಿ ತುಂಬಬೇಕು. ಹೊಸ ಕಂತು ಹೆಚ್ಚುಕಡಿಮೆ 1,57,600. ವರ್ಷಕ್ಕೆ 23,500 ಜಾಸ್ತಿ, ತಡೆದುಕೊಳ್ಳಬಹುದು. 8ನೇ ವರ್ಷದಲ್ಲಿ ಗೊತ್ತಾಗಿದ್ದರೆ ಲಕ್ಷಕ್ಕಿಂತ ಜಾಸ್ತಿ ಒಂದೇ ಏಟಿಗೆ ಬೀಳುತ್ತಿತ್ತು.

ಮೆಕ್ಯಾನಿಕ್ ಹೇಳಿದ 8 ವರ್ಷವನ್ನೂ ಪೂರ್ತಿ ನಂಬಬೇಡ. ರಿಪೇರಿ ಖರ್ಚಿಗೆ ಒಂದು ಪುಸ್ತಕ ಇಡು, ಯಾವ ತಿಂಗಳು ಏನು ಹೋಯಿತು, ಎಷ್ಟು ಹೊತ್ತು ನಿಂತಿತ್ತು ಅಂತ. ಬೆಡ್ ಸವೆದು ಉದ್ದ ಕೆಲಸದಲ್ಲಿ ಅಳತೆ ತಪ್ಪುತ್ತಿದ್ದರೆ, ಬೇರಿಂಗ್ ಬದಲಾಯಿಸಿದರೂ ಸ್ಪಿಂಡಲ್ ಅಲುಗಾಡುತ್ತಿದ್ದರೆ, ಆಯುಷ್ಯ ಕಡಿಮೆ ಇದೆ ಅಂತ ಲೆಕ್ಕ. ನಮ್ಮ ಲೆಕ್ಕದಂತೆ ಹೋಗಿ 6ನೇ ವರ್ಷವೇ ನಿಂತರೆ ಫಂಡ್‌ನಲ್ಲಿ ಇರುವುದು 9,35,500. ಹಳೇದು ಆಗಲೂ ಒಂದೂವರೆ ಲಕ್ಷಕ್ಕೇ ಹೋದರೂ ಎರಡೂವರೆ ಲಕ್ಷ ಖೋತಾ. ಅನುಮಾನ ಇದ್ದರೆ ಈಗಲೇ 8ರ ಬದಲು 6 ಹಾಕಿ ಲೆಕ್ಕ ತೆಗೆ. ಆಗ ಗುರಿಯ ಬೆಲೆಯನ್ನೂ 6 ವರ್ಷಕ್ಕೇ ಏರಿಸಬೇಕು, ಅದು ನೆನಪಿರಲಿ.

ದುಡ್ಡು ಎಲ್ಲಿ ಇಡೋದು? ವ್ಯಾಪಾರದ ಅಕೌಂಟ್‌ನಲ್ಲಂತೂ ಬೇಡ, ಸಂಬಳದ ದಿನ ಕರಗಿ ಹೋಗುತ್ತೆ. ಬಡ್ಡಿ ಅಸಲಿಗೇ ಸೇರುವಂಥ ಡಿಪಾಸಿಟ್ ಮಾಡು, ಪ್ರತಿಯೊಂದರ ಅವಧಿಯೂ 8ನೇ ವರ್ಷಕ್ಕೇ ಮುಗಿಯುವ ಹಾಗೆ ನೋಡಿಕೋ. ಒಂದು ಮಾತು ಮಾತ್ರ: ಈಗ ನಿನಗೆ ನೂರಕ್ಕೆ 11–12ರ ಸಾಲ ಓಡುತ್ತಿದ್ದರೆ, 6ರ ಬಡ್ಡಿಗೆ ಇಲ್ಲಿ ಕೂಡಿಡುವುದಕ್ಕಿಂತ ಮೊದಲು ಆ ಸಾಲ ತೀರಿಸುವುದೇ ಲೇಸು. ಸಾಲ ಮುಗಿದ ಮೇಲೆ ಅದೇ ಕಂತನ್ನು ಫಂಡ್‌ಗೆ ತಿರುಗಿಸು. ಸಾಲ ಎಷ್ಟು ಬಾಕಿ ಇದೆ, ಕೊಟೇಷನ್ ಎಷ್ಟು ಬಂತು ಅಂತ ಇಲ್ಲೇ ಹಾಕು, ಸರಿಯಾದ ಅಂಕಿ ಇಟ್ಟು ಮತ್ತೆ ಲೆಕ್ಕ ಮಾಡೋಣ.