ಎಲ್ಲಾ ‘ಲೆಸ್’ ತೆಗೆದು ‘ಫ್ಯೂವರ್’ ಹಾಕಿದೆ, ಆದರೂ ಸರಿ ಕಾಣುತ್ತಿಲ್ಲ

ಬದಿಯಡ್ಕದ ಟೀಚರ್
ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ನಮ್ಮ ಶಾಲೆಯ ಕನ್ನಡ ಡಿವಿಜನ್‌ಗೆ ಬೆಂಚು ಮತ್ತು ಟೀಚರ್ ಬೇಕು ಅಂತ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು. ‘ದ ಅಮೌಂಟ್ ಆಫ್ ಸ್ಟೂಡೆಂಟ್ಸ್ ಹ್ಯಾಸ್ ಇಂಕ್ರೀಸ್ಡ್, ಬಟ್ ಬೆಂಚಸ್ ಆರ್ ಲೆಸ್. ವಿ ಹ್ಯಾವ್ ಲೆಸ್ ನಂಬರ್ ಆಫ್ ಟೀಚರ್ಸ್ ಅಂಡ್ ಲೆಸ್ ಫರ್ನಿಚರ್ಸ್. ದ ನೆಕ್ಸ್ಟ್ ಕನ್ನಡ ಸ್ಕೂಲ್ ಈಸ್ ನಾಟ್ ಲೆಸ್ ದ್ಯಾನ್ ಫೈವ್ ಕಿಲೋಮೀಟರ್ಸ್ ಅವೇ’ ಅಂತ ಬರೆದೆ. ಹೆಡ್‌ಮಾಷ್ಟ್ರು ಪ್ರತಿ ‘ಲೆಸ್’ಗೂ ಗೆರೆ ಎಳೆದು ವಾಪಸ್ ಕೊಟ್ಟರು. ಎಲ್ಲಾ ಕಡೆ ‘ಫ್ಯೂವರ್’ ಹಾಕಿದೆ. ಈಗಲೂ ಓದುವಾಗ ಏನೋ ಎಡವುತ್ತದೆ. ನೀವೆಲ್ಲ ಇದನ್ನು ಹೇಗೆ ಕಲಿತಿರಿ?

ಕುಂಬಳೆಯಿಂದ, ಪಿಎಸ್‌ಸಿಗೆ ಓದುತ್ತಿರುವವನು
ಟೀಚರ್, ಇದಕ್ಕೆ ಒಂದೇ ರೂಲ್. ಎಣಿಸಲು ಬಂದರೆ ಫ್ಯೂವರ್ ಮತ್ತು ನಂಬರ್, ಎಣಿಸಲು ಬಾರದಿದ್ದರೆ ಲೆಸ್ ಮತ್ತು ಅಮೌಂಟ್. ಮಕ್ಕಳನ್ನು ಎಣಿಸುತ್ತೇವೆ, ಹಾಗಾಗಿ ‘ನಂಬರ್ ಆಫ್ ಸ್ಟೂಡೆಂಟ್ಸ್’. ನೀರನ್ನು ಎಣಿಸುವುದಿಲ್ಲ, ಹಾಗಾಗಿ ‘ಅಮೌಂಟ್ ಆಫ್ ವಾಟರ್’. ಕಿಲೋಮೀಟರನ್ನೂ ಎಣಿಸಬಹುದಲ್ವಾ, ಅಲ್ಲಿ ‘ಫ್ಯೂವರ್ ದ್ಯಾನ್ ಫೈವ್ ಕಿಲೋಮೀಟರ್ಸ್’ ಅಂತ ನೀವು ಬದಲಿಸಿದ್ದು ಸರಿಯೇ. ನಾನು ಮಾದರಿ ಪರೀಕ್ಷೆಗಳಲ್ಲಿ ಹೀಗೇ ಮಾರ್ಕ್ ತೆಗೆದಿದ್ದೇನೆ.

ಪೆರ್ಲದ ಅಡಿಕೆ ವ್ಯಾಪಾರಿ
ನಮಗೆ ಲೆಸ್ ಅಂದರೆ ಕಳೆಯುವುದು. ಬಿಲ್ಲಿನಲ್ಲಿ ಮೇಲೆ ಒಟ್ಟು ಮೊತ್ತ ಬರೆದು, ಕೆಳಗೆ ‘ಲೆಸ್ 300’ ಅಂತ ಹಾಕಿದರೆ ಅಷ್ಟು ಬಿಟ್ಟೆವು ಅಂತ ಅರ್ಥ. ಗಿರಾಕಿಗಳೂ ‘ಸ್ವಲ್ಪ ಲೆಸ್ ಮಾಡಿ’ ಅಂತಲೇ ಕೇಳುವುದು. ಅಮೌಂಟ್ ಅಂದರೆ ದುಡ್ಡು. ಆ ಲೆಕ್ಕದಲ್ಲಿ ‘ಅಮೌಂಟ್ ಆಫ್ ಸ್ಟೂಡೆಂಟ್ಸ್’ ಅಂದರೆ ಮಕ್ಕಳ ಫೀಸು ಅಂತ ಯಾರಾದರೂ ತಿಳಿದುಕೊಂಡಾರು. ಬಿಲ್ಲಿನ ‘ಲೆಸ್’ಗೂ ಗೆರೆ ಎಳೆಯುತ್ತಾರಾ ಅಂತ ನನಗೀಗ ಸಂಶಯ ಬಂತು.

ನೀರ್ಚಾಲಿನ ನಿವೃತ್ತ ಇಂಗ್ಲಿಷ್ ಮಾಷ್ಟ್ರು
ಬಿಲ್ಲಿನ ಲೆಸ್ ಬೇರೆ, ಅದು ‘ಇಷ್ಟು ಕಳೆದು’ ಅಂತ. ಅದು ಸರಿಯಾಗಿಯೇ ಇದೆ, ಮುಟ್ಟಬೇಡಿ.

ಟೀಚರ್, ನಿಮ್ಮ ತೊಂದರೆ ಲೆಸ್ ಮತ್ತು ಫ್ಯೂವರ್ ನಡುವಿನದ್ದಲ್ಲ. ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಇದೆ. ನಾವು ‘ಬೆಂಚು ಕಡಿಮೆ ಇದೆ’ ಅಂದಾಗ ಯಾವುದನ್ನೂ ಹೋಲಿಸುವುದಿಲ್ಲ, ಬೇಕಾದಷ್ಟು ಇಲ್ಲ ಅಂತ ಹೇಳುತ್ತೇವೆ ಅಷ್ಟೆ. ಹೋಲಿಸಬೇಕಾದರೆ ‘ಹೋದ ವರ್ಷಕ್ಕಿಂತ’ ಅಂತ ಬೇರೆ ಸೇರಿಸುತ್ತೇವೆ. ಇಂಗ್ಲಿಷಿನ ಲೆಸ್ ಆಗಲಿ ಫ್ಯೂವರ್ ಆಗಲಿ ಹಾಗಲ್ಲ, ಎರಡರ ಹೊಟ್ಟೆಯಲ್ಲೂ ಆ ‘ಕ್ಕಿಂತ’ ಮೊದಲೇ ಕೂತಿದೆ. ‘ಬೆಂಚಸ್ ಆರ್ ಲೆಸ್’ ಅಂತ ಓದಿದವರು ‘ಯಾವುದಕ್ಕಿಂತ?’ ಅಂತ ಕಾಯುತ್ತಾರೆ, ನೀವು ಹೇಳುವುದೇ ಇಲ್ಲ. ಫ್ಯೂವರ್ ಹಾಕಿದರೂ ಅದೇ ಕಥೆ. ಎಡವುತ್ತಿರುವುದು ಅಲ್ಲಿಯೇ.

ನಿಮ್ಮ ಲೆಕ್ಕ ಏನು ಹೇಳಿ. ಎಷ್ಟು ಮಕ್ಕಳು, ಎಷ್ಟು ಬೆಂಚು?

ಬದಿಯಡ್ಕದ ಟೀಚರ್
ಐದನೇ ಕ್ಲಾಸಿನಲ್ಲಿ ಈ ವರ್ಷ 38 ಮಕ್ಕಳು ಮಾಷ್ಟ್ರೇ, ಹೋದ ವರ್ಷ 31. ಒಂದು ಬೆಂಚಿಗೆ ನಾಲ್ಕು ಮಕ್ಕಳು. ಹೋದ ವರ್ಷ 9 ಬೆಂಚು ಇತ್ತು, ಎರಡು ಗೆದ್ದಲು ಹಿಡಿದು ಹೋದವು. ಈಗ ಉಳಿದದ್ದು 7.

ನೀರ್ಚಾಲಿನ ನಿವೃತ್ತ ಇಂಗ್ಲಿಷ್ ಮಾಷ್ಟ್ರು
ಹಾಗಾದರೆ 10 ಬೇಕು, 7 ಇದೆ. ‘ವಿ ಆರ್ ತ್ರೀ ಬೆಂಚಸ್ ಶಾರ್ಟ್’ ಅಂತ ಬರೆಯಿರಿ. ಅಂಕಿ ಹೇಳಲು ಮನಸ್ಸಿಲ್ಲದಿದ್ದರೆ ‘ವಿ ಡೂ ನಾಟ್ ಹ್ಯಾವ್ ಇನಫ್ ಬೆಂಚಸ್’ ಸಾಕು. ಹೋದ ವರ್ಷದ ಜೊತೆ ಹೋಲಿಸುವುದಾದರೆ ಮಾತ್ರ ‘ವಿ ಹ್ಯಾವ್ ಟೂ ಫ್ಯೂವರ್ ಬೆಂಚಸ್ ದ್ಯಾನ್ ಲಾಸ್ಟ್ ಇಯರ್’. ಮೂರು ಮತ್ತು ಎರಡು, ಎರಡೂ ಬೇರೆ ಬೇರೆ ಮಾತು. ‘ಕಡಿಮೆ’ ಅನ್ನುವ ಒಂದೇ ಪದ ಇಟ್ಟುಕೊಂಡು ಇಂಗ್ಲಿಷಿಗೆ ಹೋದರೆ ಇವೆರಡೂ ಕಲಸಿಹೋಗುತ್ತವೆ.

‘ಲೆಸ್ ನಂಬರ್ ಆಫ್ ಟೀಚರ್ಸ್’ ನಮ್ಮ ಕಡೆ ಎಲ್ಲ ನೋಟೀಸಿನಲ್ಲೂ ಸಿಗುತ್ತದೆ. ನಂಬರ್ ಅಂದರೆ ಒಂದು ಅಂಕಿ, ಅದು ಸಣ್ಣದಾಗುತ್ತದೆ ಅಥವಾ ದೊಡ್ಡದಾಗುತ್ತದೆ. ‘ಎ ಸ್ಮಾಲ್ ನಂಬರ್’ ಅನ್ನಬಹುದು. ‘ಫ್ಯೂವರ್ ನಂಬರ್’ ಮಾಡಿದರೆ ಎಣಿಕೆಯನ್ನು ಎರಡು ಸಲ ಹೇಳಿದ ಹಾಗೆ, ಇನ್ನೂ ಕೆಟ್ಟದು. ನಂಬರ್ ಬಿಟ್ಟು ‘ಟೂ ಫ್ಯೂ ಟೀಚರ್ಸ್’ ಅಂತ ಬರೆದರೆ ಬೇಕಾದದ್ದಕ್ಕಿಂತ ಕಡಿಮೆ ಅನ್ನುವ ದೂರೂ ಅದರಲ್ಲೇ ಬಂತು. ಇಲ್ಲಿ ‘ಟೂ’ ಅಂದರೆ ಎರಡು ಅಲ್ಲ, ‘ಅತಿ’ ಅಂತ.

ಫರ್ನಿಚರ್ ‘ಎಸ್’ ತೆಗೆದುಕೊಳ್ಳುವುದಿಲ್ಲ. ಮೇಜು, ಕುರ್ಚಿ, ಕಪಾಟು ಎಣಿಸಬಹುದು, ಆದರೆ ಫರ್ನಿಚರ್ ಅನ್ನುವ ಪದ ಅವನ್ನೆಲ್ಲ ಒಂದು ರಾಶಿಯಾಗಿ ನೋಡುತ್ತದೆ. ‘ಎಣಿಸಲು ಬರುತ್ತದಾ’ ಅನ್ನುವ ರೂಲ್ ಇಲ್ಲಿ ಕೈ ಕೊಡುತ್ತದೆ. ವಸ್ತುವನ್ನು ನೋಡಬಾರದು, ಪದವನ್ನು ನೋಡಬೇಕು. ಮರದಿಂದ ಇಳಿಸಿದ ಕಾಯಿ ಕಡಿಮೆಯಾದರೆ ‘ಫ್ಯೂವರ್ ಕೋಕೊನಟ್ಸ್’, ಚಟ್ನಿಗೆ ಹಾಕಿದ ತೆಂಗು ಕಡಿಮೆಯಾದರೆ ‘ಲೆಸ್ ಕೋಕೊನಟ್’. ನಾವು ‘ಹತ್ತು ಕಾಯಿ’ ಅಂತಲೇ ಹೇಳುತ್ತೇವೆ, ‘ಕಾಯಿಗಳು’ ಅನ್ನುವುದು ಅಪರೂಪ. ‘ಎಷ್ಟು ಜನ’, ‘ಎಷ್ಟು ನೀರು’ ಎರಡಕ್ಕೂ ಒಂದೇ ‘ಎಷ್ಟು’. ತುಳುವಿನಲ್ಲೂ ಒಂದೇ ‘ಏತ್’. ಹಾಗಾಗಿ ಈ ಗೆರೆ ನಮ್ಮ ಕಣ್ಣಿಗೆ ತಾನಾಗಿ ಬೀಳುವುದಿಲ್ಲ.

ಕುಂಬಳೆಯವರೇ, ಕಿಲೋಮೀಟರ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಐದು ಕಿಲೋಮೀಟರ್ ಅಂದರೆ ಐದು ಬಿಡಿ ವಸ್ತುಗಳಲ್ಲ, ಒಂದು ದೂರ. ನಾಲ್ಕೂವರೆಯೂ ಆಗಬಹುದು. ದೂರ, ದುಡ್ಡು, ಸಮಯ, ತೂಕ ಇವಕ್ಕೆ ‘ಲೆಸ್ ದ್ಯಾನ್’ ಅಂತಲೇ ಬಳಕೆ. ರೂಪಾಯಿಯನ್ನು ಒಂದೊಂದಾಗಿ ಎಣಿಸುತ್ತೇವೆ, ಆದರೂ ‘ಲೆಸ್ ದ್ಯಾನ್ 500 ರುಪೀಸ್’. ಹೆಡ್‌ಮಾಷ್ಟ್ರು ಅಲ್ಲಿ ಗೆರೆ ಎಳೆದದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಆ ವಾಕ್ಯ ಮೊದಲಿದ್ದ ಹಾಗೇ ಇರಲಿ.

ಕುಂಬಳೆಯಿಂದ, ಪಿಎಸ್‌ಸಿಗೆ ಓದುತ್ತಿರುವವನು
ನಾಲ್ಕೂವರೆಯ ಮಾತು ತಲೆಗೆ ಹೋಯಿತು ಮಾಷ್ಟ್ರೇ. ಮಕ್ಕಳು ನಾಲ್ಕೂವರೆ ಇರಲು ಸಾಧ್ಯವಿಲ್ಲ. ಆದರೆ ‘30 ಪರ್ಸೆಂಟ್ ಆಫ್ ಸ್ಟೂಡೆಂಟ್ಸ್’ ಅಂದರೆ? ಪರ್ಸೆಂಟ್ ಅರ್ಧ ಆಗಬಹುದು, ಮಕ್ಕಳು ಆಗುವುದಿಲ್ಲ.

ಮಂಜೇಶ್ವರದವಳು, ಮಂಗಳೂರಿನಲ್ಲಿ ಪ್ರೂಫ್ ನೋಡುವವಳು
ಅದಕ್ಕೆ ನಮ್ಮಲ್ಲೂ ಜಗಳ ಇದೆ. ನಾನು ‘ಲೆಸ್ ದ್ಯಾನ್ 30 ಪರ್ಸೆಂಟ್’ ಬಿಡುತ್ತೇನೆ, ಪಕ್ಕದ ಮೇಜಿನವರು ಮಕ್ಕಳ ವಿಷಯ ಅಂತ ‘ಫ್ಯೂವರ್’ ಮಾಡುತ್ತಾರೆ. ಎರಡೂ ಅಚ್ಚಾಗುತ್ತವೆ.

ಇನ್ನೊಂದು ಮಾತು. ಈ ರೂಲ್ ಅಷ್ಟು ಹಳೆಯದೂ ಅಲ್ಲ. ಎಣಿಸುವ ವಸ್ತುಗಳಿಗೂ ಇಂಗ್ಲಿಷಿನವರು ನೂರಾರು ವರ್ಷ ಲೆಸ್ ಹೇಳಿದ್ದರು. 1770ರಲ್ಲಿ ರಾಬರ್ಟ್ ಬೇಕರ್ ಎಂಬವರು, ಎಣಿಕೆ ಬಂದಾಗ ಫ್ಯೂವರ್ ಚೆನ್ನಾಗಿ ಕೇಳುತ್ತದೆ ಅಂತ ತಮ್ಮ ಅಭಿರುಚಿಯಾಗಿ ಬರೆದರು. ಮುಂದೆ ಅದು ವ್ಯಾಕರಣದ ಪುಸ್ತಕಗಳಲ್ಲಿ ರೂಲ್ ಆಗಿ ಕೂತಿತು. ಅದಕ್ಕೇ ಮಾತಿನಲ್ಲಿ ‘ಲೆಸ್ ಪೀಪಲ್’ ಕೇಳಿದರೆ ನಾನು ತಿದ್ದಲು ಹೋಗುವುದಿಲ್ಲ. ಇಲಾಖೆಗೆ ಹೋಗುವ ಪತ್ರದಲ್ಲಿ ತಿದ್ದುತ್ತೇನೆ. ‘ಅಮೌಂಟ್ ಆಫ್ ಸ್ಟೂಡೆಂಟ್ಸ್’ ಮಾತ್ರ ಎಲ್ಲಿದ್ದರೂ ತೆಗೆಯುತ್ತೇನೆ, ಮಕ್ಕಳನ್ನು ಅಕ್ಕಿಯ ಹಾಗೆ ಅಳೆದಂತೆ ಕೇಳುತ್ತದೆ.

ಬದಿಯಡ್ಕದ ಟೀಚರ್
ಈಗ ಹೀಗೆ ಬರೆದಿದ್ದೇನೆ: ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಹ್ಯಾಸ್ ರಿಸನ್ ಫ್ರಮ್ 31 ಟು 38, ಬಟ್ ವಿ ಆರ್ ತ್ರೀ ಬೆಂಚಸ್ ಶಾರ್ಟ್ ಅಂಡ್ ಹ್ಯಾವ್ ಟೂ ಫ್ಯೂ ಟೀಚರ್ಸ್.’ ಫರ್ನಿಚರ್ ಬಿಟ್ಟೆ, ಬೆಂಚು ಹೇಳಿದ ಮೇಲೆ ಅದು ಬೇಕಿರಲಿಲ್ಲ. ಕಿಲೋಮೀಟರ್ ಇದ್ದ ಹಾಗೇ ಇದೆ. ‘ನಂಬರ್’ ಆದ ಮೇಲೆ ‘ಹ್ಯಾಸ್’ ಸರಿಯಾ ‘ಹ್ಯಾವ್’ ಸರಿಯಾ?

ನೀರ್ಚಾಲಿನ ನಿವೃತ್ತ ಇಂಗ್ಲಿಷ್ ಮಾಷ್ಟ್ರು
‘ದ ನಂಬರ್’ಗೆ ‘ಹ್ಯಾಸ್’, ಏರಿದ್ದು ಆ ಒಂದು ಅಂಕಿ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಅಂದರೆ ಹಲವು ಮಕ್ಕಳು, ಅಲ್ಲಿ ‘ಹ್ಯಾವ್’. ನಿಮ್ಮದು ಸರಿ ಇದೆ, ಕಳಿಸಿ.

ಪೆರ್ಲದ ಅಡಿಕೆ ವ್ಯಾಪಾರಿ
ಎರಡು ಬೆಂಚಿಗೆ ಬೇಕಾಗುವಷ್ಟು ಹಲಸಿನ ಹಲಗೆ ನಮ್ಮಲ್ಲಿ ಇದೆ ಟೀಚರ್. ಬೇಕಾದರೆ ಹೇಳಿ.